ತೊಡೆಮೂಳೆಯಿಂದ ಎತ್ತರ, ಎತ್ತರದಿಂದ ಊಟದ ಲೆಕ್ಕ

ಸಾವಿರಾರು ವರ್ಷ ಮಣ್ಣಿನಡಿ ಇದ್ದ ಅಸ್ಥಿಪಂಜರ ಇಡಿಯಾಗಿ ಸಿಗುವುದು ಅಪರೂಪ. ತಲೆಬುರುಡೆ ಒಡೆದಿರುತ್ತದೆ, ಬೆನ್ನುಮೂಳೆಯ ಮಣಿಗಳು ಪುಡಿಯಾಗಿರುತ್ತವೆ. ಗಟ್ಟಿಯಾಗಿ ಉಳಿಯುವುದು ಹೆಚ್ಚಾಗಿ ತೊಡೆಮೂಳೆ. ಮನುಷ್ಯನ ಎತ್ತರದಲ್ಲಿ ಅದರ ಉದ್ದ ಹತ್ತಿರಹತ್ತಿರ ಕಾಲು ಭಾಗ ಇರುವುದರಿಂದ, ಎತ್ತರದ ಲೆಕ್ಕ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಅಳೆಯಲು ಬಳಸುವುದು ಒಂದು ಹಲಗೆ. ಅದರ ಒಂದು ತುದಿಯಲ್ಲಿ ಅಲುಗಾಡದ ಅಡ್ಡಪಟ್ಟಿ, ಇನ್ನೊಂದು ಕಡೆ ಜಾರುವ ಪಟ್ಟಿ ಇರುತ್ತದೆ. ಮೊಣಕಾಲಿನ ಕಡೆಯ ತುದಿಯನ್ನು ಅಡ್ಡಪಟ್ಟಿಗೆ ತಾಗಿಸಿಟ್ಟು, ಸೊಂಟದ ಕಡೆಯ ಗುಂಡಗಿನ ತಲೆಯವರೆಗೆ ಜಾರುಪಟ್ಟಿಯನ್ನು ತಂದು, ಮೂಳೆಯನ್ನು ಅತ್ತಿತ್ತ ತಿರುಗಿಸಿ ಸಿಗುವ ಗರಿಷ್ಠ ಉದ್ದವನ್ನು ಗುರುತಿಸುತ್ತಾರೆ. ಅದಕ್ಕೂ ಮೊದಲು ಎರಡು ವಿಷಯ ಖಚಿತವಾಗಬೇಕು. ಮೂಳೆಯ ತುದಿಗಳು ಪೂರ್ತಿ ಬೆಸೆದುಕೊಂಡಿದ್ದರೆ ಮಾತ್ರ ಬೆಳವಣಿಗೆ ಮುಗಿದಿದೆ ಎಂದರ್ಥ. ಸೊಂಟದ ಮೂಳೆಯ ಆಕಾರ ನೋಡಿದರೆ ಅದು ಗಂಡಸಿನದೋ ಹೆಂಗಸಿನದೋ ಎಂಬುದು ತಿಳಿಯುತ್ತದೆ.

ಆಮೇಲೆ ಸೂತ್ರ. ಮಿಲ್ಡ್ರೆಡ್ ಟ್ರಾಟರ್ ಮತ್ತು ಗೋಲ್ಡಿನ್ ಗ್ಲೆಸರ್ ಅಮೆರಿಕದಲ್ಲಿ 1952ರಲ್ಲಿ ಪ್ರಕಟಿಸಿದ ಸೂತ್ರಗಳು ಇಂದಿಗೂ ಬಳಕೆಯಲ್ಲಿವೆ. ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಎತ್ತರ ಸೇನೆಯ ದಾಖಲೆಯಲ್ಲಿತ್ತು. ಅದನ್ನು ಅವರ ಮೂಳೆಗಳ ಉದ್ದದ ಜೊತೆ ಹೋಲಿಸಿ ಗಂಡಸರ ಸೂತ್ರಗಳನ್ನು ರೂಪಿಸಿದರು. ಬಿಳಿಯ ಗಂಡಸರಿಗಾದರೆ ತೊಡೆಮೂಳೆಯ ಉದ್ದವನ್ನು 2.38ರಿಂದ ಗುಣಿಸಿ 61.41 ಕೂಡಿಸಬೇಕು. ಮೂಳೆ 45 ಸೆಂ.ಮೀ. ಇದ್ದರೆ ಎತ್ತರ 168.5 ಸೆಂ.ಮೀ. ಅದೇ ಮೂಳೆಗೆ ಕಪ್ಪು ಗಂಡಸರ ಸೂತ್ರ ಹಾಕಿದರೆ 165.3 ಬರುತ್ತದೆ. ಮೈಗೆ ಹೋಲಿಸಿದರೆ ಅವರ ಕಾಲು ಸರಾಸರಿಯಲ್ಲಿ ತುಸು ಉದ್ದ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಪ್ರಾಚೀನರ ದೇಹದ ಅಳತೆಗಳ ಅನುಪಾತ ಇವರಿಬ್ಬರಲ್ಲಿ ಯಾರನ್ನು ಹೋಲುತ್ತಿತ್ತು ಎಂಬುದನ್ನು ಮೊದಲೇ ಊಹಿಸಬೇಕಾಗುತ್ತದೆ. ಇಡೀ ಅಸ್ಥಿಪಂಜರ ಸಿಕ್ಕರೆ ಈ ಊಹೆಯ ಅಗತ್ಯವಿಲ್ಲ. ತಲೆಯಿಂದ ಹಿಮ್ಮಡಿಯವರೆಗಿನ ಮೂಳೆಗಳ ಎತ್ತರವನ್ನೆಲ್ಲ ಕೂಡಿಸಿ, ಚರ್ಮ ಮತ್ತು ಮೃದ್ವಸ್ಥಿಗೆಂದು ಒಂದಿಷ್ಟು ಸೇರಿಸಿದರಾಯಿತು.

ಸರಿಯಾದ ಸೂತ್ರ ಹಾಕಿದರೂ ಒಬ್ಬ ವ್ಯಕ್ತಿಯ ಲೆಕ್ಕದಲ್ಲಿ ಆರೇಳು ಸೆಂ.ಮೀ. ಹೆಚ್ಚುಕಡಿಮೆ ಆಗಬಹುದು. ಆದ್ದರಿಂದ ಒಂಟಿ ಅಸ್ಥಿಪಂಜರ ನೋಡಿ ‘ಇವನಿಗೆ ಹೊಟ್ಟೆತುಂಬ ಊಟ ಸಿಕ್ಕಿರಲಿಲ್ಲ’ ಎನ್ನಲಾಗದು. ಕುಳ್ಳಗಿರುವುದು ಅಪ್ಪ ಅಮ್ಮನಿಂದ ಬಂದದ್ದೂ ಇರಬಹುದು. ಊಟದ ಬಗ್ಗೆ ಹೇಳಬೇಕಾದರೆ ಹಲವು ಜನರ ಸರಾಸರಿ ಬೇಕು, ವಂಶವಾಹಿಯ ಪಾಲನ್ನು ಬೇರ್ಪಡಿಸಬೇಕು.

ಇದನ್ನು ಮಾಡಿ ತೋರಿಸಿದ್ದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಯುರೋಪಿನಲ್ಲಿ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುತ್ತಿದ್ದವರಿಗಿಂತ ಅಲ್ಲಿನ ಮೊದಲ ರೈತರು ಕುಳ್ಳಗಿದ್ದರೆಂದು ಮೂಳೆಗಳು ಹಿಂದಿನಿಂದಲೂ ಸೂಚಿಸುತ್ತಿದ್ದವು. ಆದರೆ ಆ ರೈತರಲ್ಲಿ ಹೆಚ್ಚಿನವರ ಪೂರ್ವಜರು ಇಂದಿನ ಟರ್ಕಿಯ ಕಡೆಯಿಂದ ವಲಸೆ ಬಂದವರು. ಹಾಗಾದರೆ ವ್ಯತ್ಯಾಸ ಊಟದ್ದೋ, ವಂಶದ್ದೋ? ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸ್ಟೆಫನಿ ಮಾರ್ಸಿನಿಯಾಕ್, ಜಾರ್ಜ್ ಪೆರಿ ಮತ್ತು ಸಂಗಡಿಗರು 167 ಪ್ರಾಚೀನರನ್ನು ಆರಿಸಿಕೊಂಡರು. ಪ್ರತಿಯೊಬ್ಬರ ಮೂಳೆಯ ಅಳತೆಯೂ ಡಿಎನ್‌ಎಯೂ ಅವರ ಕೈಯಲ್ಲಿತ್ತು. ಡಿಎನ್‌ಎ ಪ್ರಕಾರ ಇವರು ಎಷ್ಟು ಬೆಳೆಯಬಹುದಿತ್ತು, ಮೂಳೆಯ ಪ್ರಕಾರ ಎಷ್ಟು ಬೆಳೆದಿದ್ದರು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ವಂಶದ ಪಾಲು ಕಳೆದ ಮೇಲೂ ಮೊದಲ ರೈತರು ತಮಗಿಂತ ಹಿಂದಿನವರಿಗಿಂತ ಸರಾಸರಿ 3.8 ಸೆಂ.ಮೀ., ನಂತರದವರಿಗಿಂತ 2.2 ಸೆಂ.ಮೀ. ಕುಳ್ಳಗಿದ್ದರು. ತಾಮ್ರ, ಕಂಚು, ಕಬ್ಬಿಣದ ಯುಗಗಳಲ್ಲಿ ಎತ್ತರ ಮತ್ತೆ ಹಂತಹಂತವಾಗಿ ಏರಿತು.

ಈ ಕೊರತೆ ಬರೀ ಹಸಿವಿನದೇ ಎನ್ನುವಂತಿಲ್ಲ. ಬಗೆಬಗೆಯ ಆಹಾರದ ಬದಲು ಕೆಲವೇ ಧಾನ್ಯಗಳ ಮೇಲಿನ ಅವಲಂಬನೆ ಒಂದು ಕಾರಣವಿರಬಹುದು. ಜನ, ದನ ಒತ್ತಾಗಿ ಬದುಕಿದಾಗ ಹರಡುವ ರೋಗ ಇನ್ನೊಂದು. ಮಗುವಿಗೆ ಪದೇ ಪದೇ ಭೇದಿ, ಜ್ವರ ಬಂದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಹತ್ತಿದ್ದೂ ರೋಗದೊಡನೆ ಸೆಣಸಲು ಖರ್ಚಾಗುತ್ತದೆ. ಎತ್ತರವೊಂದೇ ಇವೆರಡನ್ನು ಬೇರೆ ಮಾಡಿ ತೋರಿಸದು. ಹಲ್ಲುಗಳೂ ಅವನ್ನು ಬೇರ್ಪಡಿಸಲಾರವು, ಆದರೆ ಸಂಕಟ ಯಾವಾಗ ಬಂತೆಂದು ತಿಳಿಯಲು ಅವುಗಳನ್ನೂ ನೋಡುತ್ತಾರೆ. ಬಾಲ್ಯದಲ್ಲಿ ತೀವ್ರ ಕಾಯಿಲೆ ಅಥವಾ ಅಪೌಷ್ಟಿಕತೆ ಕಾಡಿದಾಗ ಎನಾಮಲ್ ಬೆಳೆಯುವುದು ತಡೆದು, ಹಲ್ಲಿನ ಮೇಲೆ ಅಡ್ಡಗೆರೆ ಉಳಿಯುತ್ತದೆ. ಆ ಗೆರೆ ಹಲ್ಲಿನ ಯಾವ ಭಾಗದಲ್ಲಿದೆ ಎಂಬುದರಿಂದ ಸಂಕಟ ಬಂದಾಗ ಮಗುವಿನ ವಯಸ್ಸು ಸುಮಾರು ಎಷ್ಟೆಂದು ತಿಳಿಯುತ್ತದೆ.

ಮೂಳೆಯನ್ನೂ ಡಿಎನ್‌ಎಯನ್ನೂ ಹೋಲಿಸುವ ವಿಧಾನಕ್ಕೂ ಮಿತಿಯಿದೆ. ಡಿಎನ್‌ಎಯಿಂದ ಎತ್ತರ ಅಂದಾಜಿಸುವ ಕ್ರಮ ಇಂದಿನ ಜನರ ಮಾಹಿತಿಯನ್ನು ಆಧರಿಸಿದ್ದು, ಪ್ರಾಚೀನರ ಎತ್ತರದ ಒಂದು ಭಾಗವನ್ನಷ್ಟೇ ಅದು ವಿವರಿಸಬಲ್ಲದು. ಆದ್ದರಿಂದ ಪ್ರಾಚೀನರ ಎತ್ತರದ ಬಗ್ಗೆ ಸುದ್ದಿ ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ಜನರ ಮೂಳೆ, ಯಾವ ಸೂತ್ರ, ವಂಶದ ಪಾಲನ್ನು ಕಳೆದಿದ್ದಾರೆಯೇ? ಇವಕ್ಕೆ ಉತ್ತರವಿಲ್ಲದಿದ್ದರೆ ಅಲ್ಲಿ ಎತ್ತರದ ಅಂಕಿ ಇದೆಯೇ ಹೊರತು ಊಟದ ಪುರಾವೆ ಇಲ್ಲ.