ಸಂಬಳದಲ್ಲಿ ಕಡಿತವಾಗುವ ಅಪ್ಪ-ಅಮ್ಮನ ವಿಮೆ

ಬೆಂಗಳೂರಿನ ಬಹಳಷ್ಟು ಕಂಪನಿಗಳಲ್ಲಿ ನೌಕರ, ಸಂಗಾತಿ ಮತ್ತು ಇಬ್ಬರು ಮಕ್ಕಳ ಆರೋಗ್ಯ ವಿಮೆಯ ಪ್ರೀಮಿಯಂ ಅನ್ನು ಕಂಪನಿಯೇ ಕಟ್ಟುತ್ತದೆ. ಅಪ್ಪ-ಅಮ್ಮನನ್ನೂ ಸೇರಿಸಬೇಕೆಂದರೆ ಮಾತ್ರ ಆ ಹಣ ನೌಕರನ ಸಂಬಳದಿಂದ ಹೋಗುತ್ತದೆ. ವಯಸ್ಸಾದವರು ಆಸ್ಪತ್ರೆ ಸೇರುವ ಸಂಭವ ಹೆಚ್ಚಾದ್ದರಿಂದ ಅವರ ಪ್ರೀಮಿಯಂ ಕೂಡ ದುಬಾರಿ.

ಒಂದು ಲೆಕ್ಕ ನೋಡೋಣ. ಇಬ್ಬರಿಗೂ ಸೇರಿ ವರ್ಷದ ಪ್ರೀಮಿಯಂ 30,000 ರೂಪಾಯಿ ಎಂದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲವಾದರೂ ಗುಂಪು ವಿಮೆಗೆ ಆ ವಿನಾಯಿತಿ ಸಿಕ್ಕಿಲ್ಲ. ಹಾಗಾಗಿ ಶೇ. 18ರಂತೆ 5,400 ರೂಪಾಯಿ ಸೇರಿ ಒಟ್ಟು 35,400 ಆಗುತ್ತದೆ. ಹನ್ನೆರಡು ಕಂತು ಮಾಡಿದರೆ ಪೇಸ್ಲಿಪ್‌ನಲ್ಲಿ ತಿಂಗಳಿಗೆ 2,950 ರೂಪಾಯಿ ಕಡಿತ ಕಾಣಿಸುತ್ತದೆ.

ಇದನ್ನು ತಿಂಗಳ ಬಾಡಿಗೆಯಂತೆ ಬೇಕಾದಾಗ ನಿಲ್ಲಿಸಬಹುದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಸಾಮಾನ್ಯವಾಗಿ ಕಂಪನಿ ವರ್ಷದ ಹಣವನ್ನು ವಿಮಾ ಸಂಸ್ಥೆಗೆ ಮೊದಲೇ ಕಟ್ಟಿ, ನಂತರ ನಿಮ್ಮಿಂದ ಕಂತಿನಲ್ಲಿ ವಸೂಲಿ ಮಾಡುತ್ತದೆ. ಆದ್ದರಿಂದಲೇ ಪಾಲಿಸಿ ನವೀಕರಣದ ಸಮಯದಲ್ಲಿ ಹೆಸರು ಸೇರಿಸಿದ ಮೇಲೆ ವರ್ಷದ ನಡುವೆ ತೆಗೆಯಲು ಬಿಡುವುದಿಲ್ಲ.

ತೊಡಕು ಎದುರಾಗುವುದು ಕೆಲಸ ಬಿಟ್ಟಾಗ. ಏಪ್ರಿಲ್‌ನಲ್ಲಿ ಶುರುವಾದ ಪಾಲಿಸಿಗೆ ಆರು ಕಂತು ಕಟ್ಟಿ ಸೆಪ್ಟೆಂಬರ್ ಕೊನೆಗೆ ರಾಜೀನಾಮೆ ಕೊಟ್ಟರೆ, ಬಾಕಿ 17,700 ರೂಪಾಯಿಯನ್ನು ಅಂತಿಮ ಲೆಕ್ಕದಲ್ಲಿ ಮುರಿದುಕೊಳ್ಳುವ ಕಂಪನಿಗಳಿವೆ. ವಿಮೆ ಮಾತ್ರ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಆ ವರ್ಷ ಕ್ಲೇಮ್ ಮಾಡಿರದಿದ್ದರೆ, ಉಳಿದ ಅವಧಿಯ ಪ್ರೀಮಿಯಂ ಅನ್ನು ವಿಮಾ ಸಂಸ್ಥೆ ಸಾಮಾನ್ಯವಾಗಿ ಕಂಪನಿಗೆ ಹಿಂದಿರುಗಿಸುತ್ತದೆ. ಅದು ನಿಮ್ಮ ಕೈಗೆ ಬರುತ್ತದೆಯೇ ಎಂಬುದು ಕಂಪನಿಯ ನಿಯಮವನ್ನು ಅವಲಂಬಿಸಿದೆ. ಎಚ್‌ಆರ್‌ ವಿಭಾಗವನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ಹಾಗಾದರೆ ಈ ವಿಮೆ ಬೇಡವೇ? ಬೇಕು. ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಹೊರಗೆ ಪಾಲಿಸಿ ಸಿಗುವುದೇ ಕಷ್ಟ. ಸಿಕ್ಕರೂ ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಗುಂಪು ವಿಮೆಯಲ್ಲಿ ಹೆಚ್ಚಾಗಿ ಮೊದಲ ದಿನದಿಂದಲೇ ರಕ್ಷಣೆ ಸಿಗುತ್ತದೆ. ಆದರೆ ಕೋ-ಪೇ ಷರತ್ತನ್ನು ಓದಿ ಸೇರಿ. ಅದು ಶೇ. 20 ಇದ್ದರೆ, ಎರಡು ಲಕ್ಷದ ಬಿಲ್ಲಿನಲ್ಲಿ 40,000 ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಹಳೆಯ ತೆರಿಗೆ ಪದ್ಧತಿಯಲ್ಲಿರುವವರು 60 ದಾಟಿದ ತಂದೆ-ತಾಯಿಗಾಗಿ ಕಟ್ಟಿದ ಪ್ರೀಮಿಯಂಗೆ ವರ್ಷಕ್ಕೆ 50,000 ರೂಪಾಯಿವರೆಗೆ ಆದಾಯದಲ್ಲಿ ಕಡಿತ ಪಡೆಯಬಹುದು. ಸಂಬಳದಿಂದ ಹೋದ ಹಣವೂ ಇದಕ್ಕೆ ಸಲ್ಲುತ್ತದೆ. ಕಂಪನಿ ಕಟ್ಟಿದ ಪಾಲು ಸಲ್ಲುವುದಿಲ್ಲ.

ಕೆಲಸ ಬದಲಿಸುವ ಯೋಚನೆ ಇದ್ದರೆ, ಗುಂಪು ವಿಮೆಯಿಂದ ಅದೇ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಅಪ್ಪ-ಅಮ್ಮನನ್ನು ವರ್ಗಾಯಿಸಲು ಅರ್ಜಿ ಹಾಕಿ. ಒಪ್ಪುವುದು ಬಿಡುವುದು ವಿಮಾ ಸಂಸ್ಥೆಗೆ ಸೇರಿದ್ದು. ಅದಕ್ಕೇ ಆ ಅರ್ಜಿ ರಾಜೀನಾಮೆಗಿಂತ ಮೊದಲೇ ಹೋಗಲಿ.