ಪಂಪಿನೊಳಗಿಲ್ಲದ ತಾಮ್ರದ ಬೆಲೆ

ಅರ್ಧ ಎಚ್‌ಪಿಯ ಮೋನೋಬ್ಲಾಕ್ ಪಂಪೊಂದನ್ನು ಬಿಚ್ಚಿ, ಅದರ ಮೋಟರಿನ ವೈಂಡಿಂಗ್ ತೂಗಿದಾಗ 900 ಗ್ರಾಂ ತಾಮ್ರ ಸಿಕ್ಕಿತು ಎಂದುಕೊಳ್ಳಿ. ಆ ಒಂದು ಪಂಪು ಅಂಗಡಿಗೆ ಬರಬೇಕಾದರೆ ಕಾರ್ಖಾನೆ ಕೊಂಡ ತಾಮ್ರ ಮಾತ್ರ ಒಂದು ಕಿಲೋ ದಾಟಿರುತ್ತದೆ. ಉಳಿದದ್ದು ಪಂಪಿನಲ್ಲಿಲ್ಲ, ಆದರೆ ಅದರ ಬೆಲೆ ಪಂಪಿನ ಮೇಲೆಯೇ ಬೀಳುತ್ತದೆ. ಪಂಪಿನಲ್ಲಿ ಇಲ್ಲದ ಈ ತಾಮ್ರವನ್ನು ಎಲ್ಲಿ, ಹೇಗೆ ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದು ಪೀಣ್ಯದಲ್ಲಾಗಲಿ, ಕೊಯಮತ್ತೂರಿನಲ್ಲಾಗಲಿ, ಪಂಪು ಮಾಡುವ ಯಾರನ್ನೂ ಬಿಡದ ಪ್ರಶ್ನೆ.

ಕಾರ್ಖಾನೆಗಳಲ್ಲಿ ಪ್ರತಿ ಉತ್ಪನ್ನಕ್ಕೂ ಒಂದು ಸಾಮಾನು ಪಟ್ಟಿ ಇರುತ್ತದೆ. ಬಿಲ್ ಆಫ್ ಮೆಟೀರಿಯಲ್ಸ್ ಎಂಬ ಅದರ ಪೂರ್ತಿ ಹೆಸರನ್ನು ಹೇಳುವವರು ಕಡಿಮೆ, ಎಲ್ಲರ ಬಾಯಲ್ಲೂ ಅದು ‘ಬಾಮ್’. ಪಟ್ಟಿ ಎಂದರೂ ಅದು ಒಂದೇ ಉದ್ದದ ಸಾಲಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ತುದಿಯಲ್ಲಿ ಪಂಪು. ಅದರ ಕೆಳಗೆ ಮೋಟರು, ಪಂಪಿನ ಕೇಸಿಂಗ್, ಇಂಪೆಲ್ಲರ್, ಸೀಲು, ಕೆಪಾಸಿಟರ್. ಮೋಟರಿನ ಕೆಳಗೆ ವೈಂಡಿಂಗ್ ಆದ ಸ್ಟೇಟರ್, ರೋಟರು, ಬೇರಿಂಗು, ಬಾಡಿ. ಸ್ಟೇಟರಿನ ಕೆಳಗೆ ಸ್ಟಾಂಪಿಂಗ್ ಹಾಳೆಗಳ ಅಟ್ಟಿ, ತಾಮ್ರದ ತಂತಿ, ಇನ್ಸುಲೇಷನ್ ಕಾಗದ, ವಾರ್ನಿಷ್. ಬೆಲೆ ಕಟ್ಟುವಾಗ ಈ ಮೆಟ್ಟಿಲುಗಳನ್ನು ತಳದಿಂದ ಹತ್ತುತ್ತಾ ಬರಬೇಕು. ಮೊದಲು ಸ್ಟೇಟರಿನ ಬೆಲೆ ನಿಗದಿಯಾಗಬೇಕು, ಅದು ಮೋಟರಿಗೆ ಒಂದು ಸಾಮಾನಾಗಿ ಸೇರಬೇಕು, ಮೋಟರು ಪಂಪಿಗೆ ಸೇರಬೇಕು. ಹೀಗೆ ಹತ್ತಿಸುವುದಕ್ಕೇ ಕಾಸ್ಟ್ ರೋಲಪ್ ಎನ್ನುತ್ತಾರೆ. ಯಾವ ಮೆಟ್ಟಿಲಲ್ಲಿ ಏನು ಹಾಳಾಗುತ್ತದೆ, ಎಲ್ಲಿ ಒಂದರ ಬದಲು ಇನ್ನೊಂದು ಬರುತ್ತದೆ ಎಂಬುದನ್ನು ಸರಿಯಾದ ಮೆಟ್ಟಿಲಲ್ಲೇ ಬರೆಯುವುದು ಇದರ ನಿಜವಾದ ಕಷ್ಟ.

ಲೆಕ್ಕ ಹಾಕಿ ನೋಡೋಣ. ದರಗಳು ಅನುಕೂಲಕ್ಕೆ ಹಿಡಿದವು, ಇಂದಿನ ಮಾರುಕಟ್ಟೆಯವಲ್ಲ. ತಾಮ್ರದ ವೈಂಡಿಂಗ್ ತಂತಿ ಕಿಲೋಗೆ 800 ರೂಪಾಯಿ ಇರಲಿ. ಸುರುಳಿಯ ತುದಿ ಕತ್ತರಿಸುವಾಗ, ಬಾಬಿನ್ನಿನ ಕೊನೆಯಲ್ಲಿ, ಎನಾಮೆಲ್ ಕಿತ್ತ ಕಡೆ ತಂತಿ ವ್ಯರ್ಥವಾಗುತ್ತದೆ. ಸ್ಟೋರಿನಿಂದ ತಂದದ್ದರಲ್ಲಿ ಹೀಗೆ ಹೋಗುವುದು ಶೇ. 4 ಎಂದಿಟ್ಟುಕೊಳ್ಳೋಣ. ಬಹಳ ಮಂದಿ ಇಲ್ಲಿ 0.9ಕ್ಕೆ ಶೇ. 4 ಕೂಡಿಸಿಬಿಡುತ್ತಾರೆ. ತಂದದ್ದರಲ್ಲಿ ಶೇ. 4 ಹೋಗುವುದಾದರೆ ಉಳಿಯುವುದು ಶೇ. 96, ಆದ್ದರಿಂದ ಭಾಗಿಸಬೇಕು: 0.9 ÷ 0.96 = 0.9375 ಕಿಲೋ. ಈ ಉದಾಹರಣೆಯಲ್ಲಿ ವ್ಯತ್ಯಾಸ ಒಂದೂವರೆ ಗ್ರಾಂ ಅಷ್ಟೇ. ಶೇ. 20 ಹಾಳಾಗುವ ಕಡೆ ಮಾತ್ರ ಇದು ಸಣ್ಣದಲ್ಲ. ಅಲ್ಲಿ 100 ಒಳ್ಳೆಯ ತುಣುಕು ಬೇಕಿದ್ದರೆ 120 ತರಿಸಿ ಸಾಲದು, 125 ಬೇಕು. 120 ತರಿಸಿದವರ ಕೈಯಲ್ಲಿ ಕೊನೆಗೆ ಉಳಿಯುವುದು 96.

ಅಲ್ಲಿಗೆ ತಂತಿಯ ಬೆಲೆ 750 ರೂಪಾಯಿ. ಸ್ಟಾಂಪಿಂಗ್ 400, ಕಾಗದ ಮತ್ತು ವಾರ್ನಿಷ್ 70, ವೈಂಡಿಂಗ್ ಕೂಲಿ 110 ಸೇರಿದರೆ ಒಂದು ಸ್ಟೇಟರಿಗೆ 1,330. ಇದಿನ್ನೂ ಒಳ್ಳೆಯ ಸ್ಟೇಟರಿನ ಬೆಲೆಯಲ್ಲ. ಹೈವೋಲ್ಟೇಜ್ ಪರೀಕ್ಷೆಯಲ್ಲಿ ನೂರಕ್ಕೆ ಐದು ಸ್ಟೇಟರು ಫೇಲಾದರೆ, ಪಾಸಾದ 95 ಸ್ಟೇಟರುಗಳೇ ಆ ಐದರ ಖರ್ಚನ್ನೂ ಹೊರಬೇಕು. 1,330 ÷ 0.95 ಎಂದರೆ 1,400. ಮೋಟರಿನ ಉಳಿದ ಸಾಮಾನು ಮತ್ತು ಜೋಡಣೆ ಕೂಲಿ 952 ಎಂದು ಹಿಡಿದರೆ 2,352 ಆಗುತ್ತದೆ. ಮೋಟರು ಪರೀಕ್ಷೆಯಲ್ಲಿ ಶೇ. 2 ಹೋದರೆ ಅದು 2,400ಕ್ಕೆ ಏರುತ್ತದೆ.

ತಾಮ್ರದ ಸಣ್ಣ ಲೆಕ್ಕವನ್ನೂ ಇಲ್ಲೇ ಮುಗಿಸೋಣ. 0.9ನ್ನು 0.96, 0.95, 0.98ರಿಂದ ಒಂದರ ನಂತರ ಒಂದು ಭಾಗಿಸಿದರೆ 1.007 ಕಿಲೋ ಬರುತ್ತದೆ. ಒಂದು ಒಳ್ಳೆಯ ಮೋಟರಿಗಾಗಿ ಕೊಳ್ಳಬೇಕಾದ ತಾಮ್ರ ಇಷ್ಟು. ಮೂರು ಮೆಟ್ಟಿಲುಗಳ ನಷ್ಟ ಒಂದರ ಮೇಲೊಂದು ಕೂತಿದೆ.

ಒಂದೇ ಶೇಕಡಾವಾರು ನಷ್ಟವಾದರೂ ಅದು ಯಾವ ಮೆಟ್ಟಿಲಲ್ಲಿ ಆಯಿತು ಎಂಬುದರ ಮೇಲೆ ಹಣ ನಿಂತಿದೆ. ಹೋಳಿಗೆ ಮಾಡುವ ಮನೆಯಲ್ಲಿ ಬೇಳೆ ಆರಿಸುವಾಗ ಹೋಗುವುದು ಹಿಡಿ ಬೇಳೆ. ಹೆಂಚಿನ ಮೇಲೆ ಹೋಳಿಗೆ ಹೊತ್ತಿದರೆ ಬೇಳೆಯ ಜೊತೆಗೆ ಬೆಲ್ಲ, ಕಣಕ, ಎಣ್ಣೆ, ಬೆಳಗಿನಿಂದ ಪಟ್ಟ ಶ್ರಮ ಎಲ್ಲವೂ ಹೋಗುತ್ತವೆ. ನಮ್ಮ ಪಂಪಿನಲ್ಲೂ ತಂತಿಯ ಹಂತದ ಶೇ. 4 ನಷ್ಟ ಅಲ್ಲಿ 30 ರೂಪಾಯಿಯದು, ಮೋಟರಿನ ಹಂತದ ಬರೀ ಶೇ. 2 ನಷ್ಟ 48 ರೂಪಾಯಿಯದು. ಕಾರ್ಖಾನೆಯ ಒಟ್ಟು ರಿಜೆಕ್ಷನ್ನಿಗೆ ಒಂದು ಸರಾಸರಿ ಶೇಕಡಾವಾರು ಕಟ್ಟಿ ತುದಿಯಲ್ಲಿ ಹಚ್ಚುವ ಅಭ್ಯಾಸ ಇದರಿಂದಲೇ ಅಪಾಯಕಾರಿ. ಮೊತ್ತ ಹೇಗೋ ಹತ್ತಿರಕ್ಕೆ ಬಂದೀತು, ದುಡ್ಡು ಎಲ್ಲಿ ಸೋರುತ್ತಿದೆ ಎಂಬುದು ಮಾತ್ರ ಕಾಣುವುದಿಲ್ಲ.

ಮೆಟ್ಟಿಲು ಸರಿಯಿದ್ದರೂ ಇನ್ನೊಂದು ಮಾತು ಉಳಿಯುತ್ತದೆ. ಫೇಲಾದ ಸ್ಟೇಟರನ್ನು ಯಾರೂ ಇಡಿಯಾಗಿ ಗುಜರಿಗೆ ಹಾಕುವುದಿಲ್ಲ. ವೈಂಡಿಂಗ್ ಕಿತ್ತು, ಅದೇ ಸ್ಟಾಂಪಿಂಗ್ ಅಟ್ಟಿಗೆ ಮತ್ತೆ ತಂತಿ ಸುತ್ತುತ್ತಾರೆ. ಹಾಗಿದ್ದರೆ ಹೋದದ್ದು ತಂತಿ, ಕಾಗದ, ವಾರ್ನಿಷ್, ಕೂಲಿ ಮಾತ್ರ. ಆ 930 ರೂಪಾಯಿಯನ್ನಷ್ಟೇ 0.95ರಿಂದ ಭಾಗಿಸಿ, ಸ್ಟಾಂಪಿಂಗಿನ 400ನ್ನು ಹಾಗೇ ಸೇರಿಸಿದರೆ ಸ್ಟೇಟರು 1,379 ರೂಪಾಯಿಗೆ ಇಳಿಯುತ್ತದೆ. ಕೀಳುವ ಕೂಲಿಯನ್ನು ಇದಕ್ಕೆ ಸೇರಿಸಬೇಕು. ವಾರ್ನಿಷ್ ಹಾಕಿ ಓವನ್ನಿನಲ್ಲಿ ಬೇಯಿಸಿದ ಮೇಲೆ ವೈಂಡಿಂಗ್ ಕಲ್ಲಾಗಿರುತ್ತದೆ, ಕೀಳುವ ಕೆಲಸ ದುಪ್ಪಟ್ಟಾಗುತ್ತದೆ. ವಾರ್ನಿಷ್‌ಗೆ ಮುಂಚೆಯೇ ಒಮ್ಮೆ ಪರೀಕ್ಷೆ ಮಾಡುವ ಕಾರ್ಖಾನೆಗೆ ಆ ಖರ್ಚು ಏಕೆ ಕಡಿಮೆ ಎಂಬುದು ಇಲ್ಲಿ ತಿಳಿಯುತ್ತದೆ. ಕಿತ್ತ ತಾಮ್ರಕ್ಕೂ ಬೆಲೆಯುಂಟು, ಆದರೆ ಅದು ಹೊಸ ತಂತಿಯ ಬೆಲೆಯಲ್ಲ. ಗುಜರಿಯವರು ಕಿಲೋಗೆ 500 ಕೊಟ್ಟರೆ ಪಂಪಿಗೆ ಹೆಚ್ಚಾಗಿ ಕೊಂಡ 107 ಗ್ರಾಮಿಗೆ 53 ರೂಪಾಯಿ ಮರಳಿ ಬರುತ್ತದೆ. ಅದನ್ನು ನಷ್ಟವಾದ ಹಂತದಲ್ಲೇ ಕಳೆಯುವುದು ಸರಿ.

ಕೇಸಿಂಗಿನ ಕಥೆ ಬೇರೆ. ಎರಕ ಬೆಳಗಾವಿಯ ಫೌಂಡ್ರಿಯೊಂದರಿಂದ 270 ರೂಪಾಯಿಗೆ ಬರುತ್ತದೆ ಎನ್ನೋಣ. ಅದರ ಮೇಲೆ 90 ರೂಪಾಯಿಯ ಮೆಷಿನಿಂಗ್. ಒಳಗಿನ ಬ್ಲೋಹೋಲ್ ಲೇಥಿನ ಟೂಲು ಕಚ್ಚಿದಾಗಲೇ ಕಣ್ಣಿಗೆ ಬೀಳುವುದು. ಶೇ. 10 ಹೀಗೆ ಹೋದರೆ 360 ÷ 0.9, ಅಂದರೆ 400. ಕೆಟ್ಟ ಎರಕಕ್ಕೆ ಫೌಂಡ್ರಿ ಬದಲಿ ಕೊಡುವ ಒಪ್ಪಂದವಿದ್ದರೆ ನಮಗೆ ನಷ್ಟ ಮೆಷಿನಿಂಗಿನದ್ದು ಮಾತ್ರ: 270ಕ್ಕೆ 100 ಸೇರಿ 370. ಒಂದೇ ರಿಜೆಕ್ಷನ್, ಎರಡು ಬೆಲೆ. ಯಾವುದು ಎಂಬುದನ್ನು ಪರ್ಚೇಸ್ ಆರ್ಡರಿನ ಷರತ್ತು ನೋಡದೆ ಹೇಳಲಾಗದು. ನಮ್ಮಲ್ಲಿ ಬದಲಿ ಇಲ್ಲವೆಂದು 400ನ್ನೇ ಹಿಡಿದು, ಉಳಿದ ಸಾಮಾನು ಮತ್ತು ಕೂಲಿಗೆ 650 ಕೂಡಿಸಿದರೆ ಪಂಪು 3,450 ರೂಪಾಯಿಗೆ ನಿಲ್ಲುತ್ತದೆ. ಇದು ಸ್ಟೇಟರಿಗೆ 1,400 ಹಿಡಿದ, ಗುಜರಿಯ ಹಣ ಕಳೆಯದ ಲೆಕ್ಕ. ಏನೂ ಹಾಳಾಗದು ಎಂದುಕೊಂಡಿದ್ದರೆ 3,262 ಬರುತ್ತಿತ್ತು. ಸಾವಿರ ಪಂಪಿಗೆ ಆ ಅಂತರ 1.88 ಲಕ್ಷ.

ಇನ್ನು ಬದಲಿ ಸಾಮಾನು. ಸುಲಭದ್ದು ಬೇರಿಂಗು. ಒಂದೇ ಅಳತೆಯದನ್ನು ಎರಡು ಕಂಪನಿಗಳು ಕೊಡುತ್ತವೆ, ಒಂದರದು 90, ಇನ್ನೊಂದರದು 110. ಹತ್ತರಲ್ಲಿ ಏಳು ಬಾರಿ ಮೊದಲನೆಯದು, ಮೂರು ಬಾರಿ ಎರಡನೆಯದು ಹಾಕುವುದಾದರೆ ಬಾಮ್‌ನಲ್ಲಿ ಬೆಲೆ 96. ಕಂಪ್ಯೂಟರಿನಲ್ಲಿ ಎರಡನ್ನೂ ಬದಲಿ ಗುಂಪು ಎಂದು ಜೋಡಿಸದೆ ಎರಡು ಸಾಲಾಗಿ ಬರೆದುಬಿಟ್ಟರೆ, ಅದು ಎರಡನ್ನೂ ಕೂಡಿ 200 ಎನ್ನುತ್ತದೆ. ಒಂದು ಬೇರಿಂಗಿನ ಜಾಗಕ್ಕೆ ಎರಡು ಬೇರಿಂಗು ಖರೀದಿಯ ಪಟ್ಟಿಗೂ ಬರುತ್ತವೆ.

ಕಷ್ಟದ ಬದಲಿ ತಾಮ್ರದ್ದು. ಅದರ ದರ ಏರಿದಾಗಲೆಲ್ಲ ಅಲ್ಯೂಮಿನಿಯಂ ವೈಂಡಿಂಗಿನ ಮಾತು ಬರುತ್ತದೆ. ಅಲ್ಯೂಮಿನಿಯಂ ವಾಹಕತೆ ತಾಮ್ರದ ಸುಮಾರು ಶೇ. 61. ಹೀಗಾಗಿ ಅಷ್ಟೇ ವಿದ್ಯುತ್ತನ್ನು ಅಷ್ಟೇ ರೋಧದಲ್ಲಿ ಹರಿಸಲು ತಂತಿಯ ಅಡ್ಡಕೊಯ್ತ 1.6 ಪಟ್ಟಿಗಿಂತ ತುಸು ಹೆಚ್ಚಿರಬೇಕು. ಆದರೆ ಅದು ತಾಮ್ರದ ಮೂರನೇ ಒಂದು ಭಾಗದಷ್ಟೂ ತೂಗದ ಲೋಹ, ಆದ್ದರಿಂದ ದಪ್ಪ ತಂತಿಯಾದರೂ ತೂಕ ಅರ್ಧಕ್ಕೆ ಇಳಿಯುತ್ತದೆ. ಕಿಲೋಗೆ 400 ರೂಪಾಯಿಯೆಂದರೆ 750ರ ಜಾಗದಲ್ಲಿ 187.50. ಇದನ್ನು ಮೇಲಕ್ಕೆ ಹತ್ತಿಸಿದರೆ ಮೋಟರಿನಲ್ಲಿ 604 ರೂಪಾಯಿ ಉಳಿತಾಯ ಎಂದು ಕಾಗದ ಹೇಳುತ್ತದೆ.

ಈ ಕಾಗದವನ್ನು ನಾನು ನಂಬುವುದಿಲ್ಲ. ದಪ್ಪ ತಂತಿ ಹಳೆಯ ಸ್ಟಾಂಪಿಂಗಿನ ಗಾಡಿಗಳಲ್ಲಿ ಹಿಡಿಸುವುದಿಲ್ಲ. ಅಟ್ಟಿಯನ್ನು ಉದ್ದ ಮಾಡಿ ಸುತ್ತು ಕಡಿಮೆ ಮಾಡಬೇಕು, ಅದರ ಜೊತೆ ರೋಟರು, ಶಾಫ್ಟ್, ಬಾಡಿಯೂ ಉದ್ದವಾಗುತ್ತವೆ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದೊಡನೆ ಆಕ್ಸೈಡ್ ಪದರ ಕೂರುವುದರಿಂದ ಮಾಮೂಲಿ ಬೆಸುಗೆ ಹಿಡಿಯದು, ಕ್ರಿಂಪ್ ಮಾಡುವ ಸ್ಲೀವು ಬೇಕು. ಮೆದು ತಂತಿ ಬೇಗ ತುಂಡಾಗುವುದರಿಂದ ನಷ್ಟ ಶೇ. 10 ಇಡೋಣ: 0.45 ಕಿಲೋಗೆ ಅರ್ಧ ಕಿಲೋ ತಂತಿ, 200 ರೂಪಾಯಿ. ಸ್ಟಾಂಪಿಂಗ್ 460, ಕಾಗದ-ವಾರ್ನಿಷ್-ಸ್ಲೀವು 84, ಕೂಲಿ 130, ಒಟ್ಟು 874. ಪರೀಕ್ಷೆಯಲ್ಲಿ ಶೇ. 8 ಹೋದರೆ 950. ಮೋಟರಿನ ಉಳಿದ ಸಾಮಾನು 952ರಿಂದ 1,010ಕ್ಕೆ ಏರಿ, ಶೇ. 2 ನಷ್ಟ ಸೇರಿ 2,000. ಉಳಿತಾಯ ನಿಜ, ಆದರೆ ಅದು 604 ಅಲ್ಲ, 400.

ಬೇರಿಂಗನ್ನು ಒಂದು ಸಾಲಿನೊಳಗೇ ಬದಲಿಸಬಹುದಿತ್ತು, ಏಕೆಂದರೆ ಅದರ ಪಕ್ಕದ ಯಾವುದೂ ಕದಲಲಿಲ್ಲ. ತಂತಿ ಬದಲಾದಾಗ ನೆರೆಹೊರೆಯೆಲ್ಲ ಬದಲಾಯಿತು. ಅಂಥ ಬದಲಿಯನ್ನು ತಂತಿಯ ಸಾಲಿನಲ್ಲಿ ಬರೆಯಬಾರದು, ಮೋಟರಿನ ಹಂತಕ್ಕೇ ಹೋಗಿ ಬೇರೆ ನಂಬರಿನ ಬೇರೆ ಮೋಟರೆಂದು, ಅದರದೇ ಬಾಮ್ ಸಮೇತ ಬರೆಯಬೇಕು. ಹಾಗೆ ಮಾಡಿದರೆ ಸರ್ವಿಸ್‌ಗೆ ಬಂದ ಪಂಪಿನೊಳಗೆ ಯಾವ ಲೋಹವಿದೆ ಎಂಬುದೂ ನಂಬರಿನಿಂದಲೇ ಗೊತ್ತಾಗುತ್ತದೆ. ಕೊಳ್ಳುವವರಿಗೂ ಅದನ್ನು ಹೇಳಲೇಬೇಕು.

ಇಷ್ಟೆಲ್ಲ ಶೇಕಡಾವಾರು ಸರಿಯೇ ಎಂದು ತಿಳಿಯುವುದಕ್ಕೆ ತೂಕದ ಯಂತ್ರ ಸಾಕು. ತಿಂಗಳಲ್ಲಿ ಸಾವಿರ ತಾಮ್ರದ ಪಂಪು ಹೊರಹೋಗಿದ್ದು, ಅರೆಬರೆ ಕೆಲಸದ ದಾಸ್ತಾನು ತಿಂಗಳ ಮೊದಲೂ ಕೊನೆಯಲ್ಲೂ ಒಂದೇ ಇದ್ದರೆ, ಸ್ಟೋರಿನಿಂದ 1,007 ಕಿಲೋ ತಂತಿ ಹೋಗಿರಬೇಕು. ರಿಜಿಸ್ಟರಿನಲ್ಲಿ 1,060 ಇದ್ದರೆ 53 ಕಿಲೋ ಎಲ್ಲೋ ನಮ್ಮ ಬಾಮ್‌ಗೆ ಗೊತ್ತಿಲ್ಲದ ಹಾದಿ ಹಿಡಿದಿದೆ. ಆಗ ವೈಂಡಿಂಗ್ ಮೇಜಿನ ಕೆಳಗಿನ ಡಬ್ಬ, ಸ್ಟೇಟರು ಕಿತ್ತ ತಾಮ್ರದ ಚೀಲ, ಮೋಟರು ಪರೀಕ್ಷೆಯ ಬಳಿಯ ರಾಶಿ, ಮೂರನ್ನೂ ಬೇರೆಬೇರೆಯಾಗಿ ತೂಗಬೇಕು. ಮೂರರಲ್ಲಿ ಯಾವುದು ಲೆಕ್ಕಕ್ಕಿಂತ ಭಾರವಾಗಿದೆಯೋ ಆ ಮೆಟ್ಟಿಲಿನ ಶೇಕಡಾವಾರು ತಪ್ಪಾಗಿದೆ. ಮೂರೂ ಸರಿಯಿದ್ದು ತಾಮ್ರ ಮಾತ್ರ ಕಡಿಮೆ ಬಿದ್ದರೆ, 0.9 ಕಿಲೋ ಎಂಬ ಮೊದಲ ಅಳತೆಯನ್ನೇ ಹೊಸ ಸ್ಟೇಟರೊಂದನ್ನು ಬಿಚ್ಚಿ ಮತ್ತೆ ತೂಗಬೇಕಾಗುತ್ತದೆ.