ನಿಮಗಿದು ಗೊತ್ತೆ? ಒಂದೇ ಕಳೆಯುವಿಕೆಯಲ್ಲಿ ಮುಗಿಯುವ ಗುಣಾಕಾರ

ಋಣ ಸಂಖ್ಯೆಗಳನ್ನೂ ನೇರವಾಗಿ ಗುಣಿಸುವ ಒಂದು ವಿಧಾನವನ್ನು ಲಂಡನ್ನಿನ ಆಂಡ್ರ್ಯೂ ಬೂತ್ 1951ರಲ್ಲಿ ಪ್ರಕಟಿಸಿದರು. ಅದರಲ್ಲಿ ಯಂತ್ರಕ್ಕೆ ಬೇಕಾದದ್ದು ಕೂಡುವುದು, ಕಳೆಯುವುದು ಮತ್ತು ಬಲಕ್ಕೆ ಸರಿಸುವುದು ಮಾತ್ರ.

3 × −4 ಅನ್ನು ನಾಲ್ಕು ಬಿಟ್‌ಗಳಲ್ಲಿ ಮಾಡಿ ನೋಡೋಣ. 3 ಎಂದರೆ 0011, −4 ಎಂದರೆ 1100. ಎಡಕ್ಕೆ 0000, ಅದರ ಪಕ್ಕ 1100, ಕೊನೆಗೆ ಒಂದು ಹೆಚ್ಚುವರಿ 0 ಬರೆಯಿರಿ. ಪ್ರತಿ ಸಲ ಕೊನೆಯ ಎರಡು ಅಂಕಿ ನೋಡಿ: 10 ಇದ್ದರೆ ಎಡಭಾಗದಿಂದ 3 ಕಳೆಯಿರಿ, 01 ಇದ್ದರೆ ಕೂಡಿ, 00 ಅಥವಾ 11 ಇದ್ದರೆ ಸುಮ್ಮನೆ ಬಿಡಿ. ಆಮೇಲೆ ಎಲ್ಲವನ್ನೂ ಒಂದು ಮನೆ ಬಲಕ್ಕೆ ಸರಿಸಿ.

```
ಆರಂಭ       0000 1100 0
00 ಸರಿಸು    0000 0110 0
00 ಸರಿಸು    0000 0011 0
10 ಕಳೆ      1101 0011 0
   ಸರಿಸು    1110 1001 1
11 ಸರಿಸು    1111 0100 1
```

ಹೆಚ್ಚುವರಿ ಅಂಕಿ ಬಿಟ್ಟರೆ ಉಳಿಯುವ 11110100 ಎಂದರೆ −12. ನಾಲ್ಕು ಸುತ್ತಿನಲ್ಲಿ ಲೆಕ್ಕ ಮಾಡಿದ್ದು ಒಂದೇ ಸಲ!

ಎಡವುವುದು ಸರಿಸುವಾಗಲೇ. ಖಾಲಿಯಾದ ಎಡತುದಿಗೆ ಅಲ್ಲಿದ್ದ ಚಿಹ್ನೆಯ ಬಿಟ್ಟನ್ನೇ ಮತ್ತೆ ಬರೆಯಬೇಕು. ಕಳೆದ ನಂತರ ಅಲ್ಲಿ 1ರ ಬದಲು 0 ತುಂಬಿದರೆ ಕೊನೆಗೆ 00110100, ಅಂದರೆ 52 ಬರುತ್ತದೆ.